ರಾಜ್ಯೋತ್ಸವದ ಬ್ಯಾಕ್‌ಡ್ರಾಪ್‌: ಹೆಸರು, ಬಿರುದು, ತಾರೀಕು ತಪ್ಪದಂತೆ ಬರೆಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಸಂಘದಿಂದ 2026ರ ನವೆಂಬರ್ 22ಕ್ಕೆ ರಾಜ್ಯೋತ್ಸವ ಇಟ್ಟುಕೊಂಡಿದ್ದೇವೆ. ಹೋದ ಸಲ ವೇದಿಕೆಯ ಬ್ಯಾಕ್‌ಡ್ರಾಪ್‌ನಲ್ಲಿ ಅತಿಥಿಯ ಹೆಸರೂ ತಪ್ಪು, ವಾರವೂ ತಪ್ಪು. ಈ ಸಲ ಬರಹ ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಸಂಘ ಶುರುವಾಗಿದ್ದು 2012ರಲ್ಲಿ. ಎಷ್ಟನೇ ವರ್ಷ ಅಂತ ಹಾಕಬೇಕು ಅನ್ನೋದರಲ್ಲೇ ಕಮಿಟಿಯಲ್ಲಿ ಜಗಳ. ಎಲ್ಲಿಂದ ಶುರು ಮಾಡಲಿ?

ಉತ್ತರ: ಜಗಳ ಆಗುತ್ತಿರುವ ಕಡೆಯಿಂದಲೇ ಶುರು ಮಾಡೋಣ. ನಿಮ್ಮ ಕಮಿಟಿಯಲ್ಲಿ ಬಹುಶಃ ಎಲ್ಲರೂ ಸರಿಯಾದ ಸಂಖ್ಯೆಯನ್ನೇ ಹೇಳುತ್ತಿದ್ದಾರೆ. ಆದರೆ ಬೇರೆ ಬೇರೆ ವಿಷಯವನ್ನು ಎಣಿಸುತ್ತಿದ್ದಾರೆ.

ಮೊದಲು ರಾಜ್ಯೋತ್ಸವದ ಲೆಕ್ಕ. ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ಕ್ಕೆ. ಆ ದಿನವನ್ನೇ ಒಂದನೆಯದು ಅಂತ ಹಿಡಿದು ಎಣಿಸುವುದು ರೂಢಿ. ಹಾಗಾಗಿ 2026ರಿಂದ 1956 ಕಳೆದು ಒಂದು ಕೂಡಿಸಿ, 71 ಬರುತ್ತದೆ. ಹಿಂದಿನ ವರ್ಷದ್ದನ್ನು ನೋಡಿ ತಾಳೆ ಹಾಕಬಹುದು. 2025ರದ್ದು 70ನೇ ಕನ್ನಡ ರಾಜ್ಯೋತ್ಸವ, ಹಾಗಾಗಿ ಇದು 71ನೆಯದು. ಆದರೆ ರಾಜ್ಯಕ್ಕೆ ತುಂಬುವುದು 70 ವರ್ಷ. ‘71ನೇ ಕನ್ನಡ ರಾಜ್ಯೋತ್ಸವ’ ಸರಿ, ‘ಏಕೀಕರಣಕ್ಕೆ 70 ವರ್ಷ’ ಅನ್ನುವುದೂ ಸರಿ. ‘71 ವರ್ಷ ತುಂಬಿದ ಸಂಭ್ರಮ’ ಮಾತ್ರ ತಪ್ಪು. ‘ಕರ್ನಾಟಕ’ ಅನ್ನುವ ಹೆಸರಿನ ಲೆಕ್ಕ ಇನ್ನೊಂದು. ಅದು ಬಂದದ್ದು 1973ರ ನವೆಂಬರ್ 1ಕ್ಕೆ. 2023ರಲ್ಲಿ ಎಲ್ಲ ಕಡೆ 50 ಅಂತ ಕಂಡಿದ್ದು ಆ ಹೆಸರಿನ ಲೆಕ್ಕ. ಅದೇ ವರ್ಷದ ರಾಜ್ಯೋತ್ಸವ 68ನೆಯದು. ಇವೆರಡನ್ನೂ ಕಲಸಿ ‘50ನೇ ರಾಜ್ಯೋತ್ಸವ’ ಅಂತ ಬರೆಸಿದ ಬ್ಯಾನರ್‌ಗಳನ್ನು ಆ ವರ್ಷ ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಸಂಘದ ಲೆಕ್ಕ. 2012ರಲ್ಲಿ ಮೊದಲ ಕಾರ್ಯಕ್ರಮ ಆಗಿದ್ದರೆ, 2026 ಸಂಘದ 15ನೇ ವರ್ಷ. ತುಂಬಿದ ವರ್ಷ 14. ಕೋವಿಡ್ ಕಾಲದಲ್ಲಿ ಎರಡು ವರ್ಷ ಕಾರ್ಯಕ್ರಮ ಬಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಆಗ ನೀವು ನಡೆಸುತ್ತಿರುವುದು 13ನೇ ಕಾರ್ಯಕ್ರಮ. 15, 14, 13 ಮೂರೂ ನಿಜವೇ! ಯಾವ ಸಂಖ್ಯೆಯ ಪಕ್ಕ ಯಾವ ಪದ ಕೂರುತ್ತದೆ ಅನ್ನುವುದರ ಮೇಲೆ ಸರಿ ತಪ್ಪು ನಿಂತಿದೆ. ‘15ನೇ ವರ್ಷದ ರಾಜ್ಯೋತ್ಸವ ಆಚರಣೆ’ ಅಂದರೆ 15 ಸಲ ಆಚರಿಸಿದ್ದೀರಿ ಅನ್ನುವ ಅರ್ಥ ಬರುತ್ತದೆ. ‘ಸಂಘದ 14ನೇ ವಾರ್ಷಿಕೋತ್ಸವ’ ಅಂದರೆ 14 ವರ್ಷ ತುಂಬಿತು ಅಂತ. ನನ್ನ ಸಲಹೆ ಕೇಳಿದರೆ, ಬ್ಯಾಕ್‌ಡ್ರಾಪ್‌ನಲ್ಲಿ ಒಂದೇ ಸಂಖ್ಯೆ ಇರಲಿ, ಅದು 71 ಆಗಿರಲಿ. ಎರಡು ‘ನೇ’ ಮೇಲೆ ಕೆಳಗೆ ಬಂದರೆ ಕೆಳಗೆ ಕೂತವರಿಗೆ ಯಾವುದು ಯಾವುದರದ್ದು ಅಂತ ತಿಳಿಯುವುದಿಲ್ಲ. ಸಂಘದ ವಯಸ್ಸನ್ನು ಸ್ವಾಗತ ಭಾಷಣದಲ್ಲಿ ಹೇಳಿದರಾಯಿತು.

ವಾರ ತಪ್ಪಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಡಿಸೈನರ್ ಹಳೇ ವರ್ಷದ ಫೈಲ್ ತೆರೆದು ಇಸವಿ ಬದಲಾಯಿಸಿದ್ದಾರೆ, ವಾರ ಹಾಗೇ ಉಳಿದಿದೆ. ಒಂದೇ ತಾರೀಕಿನ ವಾರ ಮರು ವರ್ಷ ಒಂದು ದಿನ ಮುಂದೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ, ಅಂದರೆ ಸೋಮವಾರ ಇದ್ದದ್ದು ಬುಧವಾರ. 2025ರ ನವೆಂಬರ್ 22 ಶನಿವಾರ, 2026ರದ್ದು ಭಾನುವಾರ. ಕ್ಯಾಲೆಂಡರ್ ನೋಡುವಾಗ ತಾರೀಕು ಹುಡುಕಿ ವಾರ ಓದಬೇಡಿ. ನವೆಂಬರ್‌ನ ಭಾನುವಾರಗಳನ್ನು ಎಣಿಸಿ: 1, 8, 15, 22. ಆಗ ಕಣ್ಣು ಪಕ್ಕದ ಸಾಲಿಗೆ ಜಾರುವುದಿಲ್ಲ. ಬರೆಯುವುದು ‘22 ನವೆಂಬರ್ 2026, ಭಾನುವಾರ, ಸಂಜೆ 6 ಗಂಟೆಗೆ’ ಅಂತ. ತಿಂಗಳು ಅಕ್ಷರದಲ್ಲಿ ಇದ್ದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಅಂಕಿಯಲ್ಲಿ 11 ಇದ್ದದ್ದು 12 ಆದರೆ ಯಾರೂ ನೋಡುವುದಿಲ್ಲ.

ಕನ್ನಡ ಅಂಕಿಯೇ ಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ, ಅದರಲ್ಲೂ ರಾಜ್ಯೋತ್ಸವಕ್ಕೆ. ಹಾಕಿಸಿ, ತೊಂದರೆಯಿಲ್ಲ. ಆದರೆ ೭ ದೂರದಿಂದ ‘ರ’ದ ಹಾಗೆ ಕಾಣುತ್ತದೆ, ಸೊನ್ನೆ ಅನುಸ್ವಾರದ ಹಾಗೆ. ‘೭೧ನೇ’ ಅನ್ನುವುದನ್ನು ‘ರ೧ನೇ’ ಅಂತ ಟೈಪ್ ಮಾಡಿ ಪ್ರಿಂಟ್‌ಗೆ ಹೋದದ್ದೂ ಉಂಟು. ಕನ್ನಡ ಅಂಕಿ ಹಾಕಿದರೆ ಎಲ್ಲ ಕಡೆಯೂ ಕನ್ನಡ ಅಂಕಿಯೇ ಇರಲಿ. ಅರ್ಧ ಅದು ಅರ್ಧ ಇದು ಬೇಡ.

ದೇವಸ್ಥಾನದ ಅಥವಾ ಗಣೇಶನ ಬ್ಯಾನರ್ ಬರೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಹಳೇ ಫೈಲ್ ಅಲ್ಲಿ ಇನ್ನೂ ಜಾಸ್ತಿ ಕೈಕೊಡುತ್ತದೆ. 2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ ಬಂದಿತ್ತು. 2026ರಲ್ಲಿ ನಡುವೆ ಅಧಿಕ ಮಾಸ ಇರುವುದರಿಂದ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಸಂವತ್ಸರವೂ ವಿಶ್ವಾವಸು ಹೋಗಿ ಪರಾಭವ ಆಗಿದೆ.

ಈಗ ಹೆಸರುಗಳ ಕಡೆ ಬರೋಣ. ಹೆಸರು ತಪ್ಪುವುದು ಹೆಚ್ಚಾಗಿ ಕನ್ನಡ ಬರದೇ ಇರುವುದರಿಂದಲ್ಲ, ಇಂಗ್ಲಿಷಿನ ವಿಸಿಟಿಂಗ್ ಕಾರ್ಡ್ ನೋಡಿ ಬರೆಯುವುದರಿಂದ. ಇಂಗ್ಲಿಷಿನಲ್ಲಿ `Latha` ಅಂತ ಇದ್ದರೆ ಅದು ಲತಾ, ಲಥಾ ಅಲ್ಲ. ನಮ್ಮ ಕಡೆ `th` ಹಾಕುವುದು ‘ತ’ಕ್ಕೆ. ಇದು ಊಹೆಯಿಂದ ಬಗೆಹರಿಯುತ್ತದೆ. ಆದರೆ `Hegde` ಅಂತ ಇದ್ದರೆ ಹೆಗಡೆಯೋ ಹೆಗ್ಡೆಯೋ? `Patil` ಅಂದರೆ ಪಾಟೀಲರೋ, ಪಾಟೀಲ್ ಅಂತ ಬರೆದುಕೊಳ್ಳುವವರೋ? `Naik` ನಾಯಕನೋ ನಾಯ್ಕನೋ? ನಾಗರಾಜ, ನಾಗರಾಜ್, ನಾಗರಾಜು ಇವು ಮೂವರು ಬೇರೆ ಬೇರೆ ಮನುಷ್ಯರ ಹೆಸರು. ಇದನ್ನೆಲ್ಲ ಊಹಿಸುವಂತಿಲ್ಲ. ಕೇಳಲೇಬೇಕು.

ಕೇಳುವುದಕ್ಕೂ ಒಂದು ಕ್ರಮ ಇದೆ. ಫೋನಿನಲ್ಲಿ ಕೇಳಿ ಬರೆದುಕೊಂಡರೆ ಲ ಮತ್ತು ಳ, ನ ಮತ್ತು ಣ ಎಲ್ಲಾ ಒಂದೇ ಕೇಳಿಸುತ್ತದೆ. ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: ‘ಸರ್, ವೇದಿಕೆಯ ಮೇಲೆ, ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಗೂ ಈಗಿನ ಹುದ್ದೆ ಹೇಗೆ ಬರಬೇಕೋ ಹಾಗೇ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತೀರಾ?’ ಅಂತ. ಕೆಲವರಿಗೆ ಟೈಪ್ ಮಾಡಲು ಬೇಜಾರು. ಅಂಥವರು ಕೈಯಲ್ಲಿ ಬರೆದ ಚೀಟಿಯ ಫೋಟೋ ಕಳಿಸಿದರೂ ಸಾಕು. ಇನಿಷಿಯಲ್ ಮುಂದೆಯೋ ಹಿಂದೆಯೋ, ಡಾ. ಇದೆಯೋ ಇಲ್ಲವೋ ಎಲ್ಲಾ ಅದರಲ್ಲೇ ತಿಳಿಯುತ್ತದೆ. ನಾಳೆ ತಕರಾರು ಬಂದರೂ ಅವರೇ ಬರೆದುಕೊಟ್ಟದ್ದು ನಿಮ್ಮ ಹತ್ತಿರ ಇರುತ್ತದೆ. ‘ಈಗಿನ ಹುದ್ದೆ’ ಅಂತ ಒತ್ತಿ ಕೇಳುವುದು ಏಕೆಂದರೆ ಪಂಚಾಯಿತಿ, ಸೊಸೈಟಿ, ಬ್ಯಾಂಕುಗಳ ಅಧ್ಯಕ್ಷರು ನಡುವೆಯೇ ಬದಲಾಗುತ್ತಿರುತ್ತಾರೆ. ಹೋದ ವರ್ಷದ ಅಧ್ಯಕ್ಷರು ಈ ವರ್ಷ ಮಾಜಿ. ಶಾಸಕರು ಅಂತ ಬರೆಯುವ ಮುಂಚೆ ಅವರು ವಿಧಾನಸಭೆಯವರೋ ವಿಧಾನ ಪರಿಷತ್ತಿನವರೋ ನೋಡಿ. ಪರಿಷತ್ತಿನವರಿಗೆ ‘ವಿಧಾನ ಪರಿಷತ್ ಸದಸ್ಯರು’ ಅಂತಲೇ ಹಾಕುವುದು ಸರಿ.

ಬಿರುದುಗಳಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹೆಸರಿನ ಮುಂದೆ ಒಂದೇ ಸಾಕು. ಡಾ. ಇದ್ದರೆ ಶ್ರೀ, ಶ್ರೀಮತಿ ಬೇಡ. ‘ಸನ್ಮಾನ್ಯ ಶ್ರೀ ಡಾ.’ ಅಂತ ಮೂರು ಪೇರಿಸಿದರೆ ಹೆಸರು ಹುಡುಕಬೇಕಾಗುತ್ತದೆ. ಪದ್ಮ ಪ್ರಶಸ್ತಿ ಬಂದವರ ವಿಷಯದಲ್ಲಿ ಮಾತ್ರ ಇದು ರುಚಿಯ ಪ್ರಶ್ನೆ ಅಲ್ಲ, ನಿಯಮ. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆದ್ದರಿಂದ ‘ಪದ್ಮಶ್ರೀ’ ಅಂತ ಹೆಸರಿನ ಮುಂದೆ ಬೇಡ. ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಕೆಳಗಿನ ಸಾಲಿನಲ್ಲಿ ‘ಪದ್ಮಶ್ರೀ ಪುರಸ್ಕೃತರು’ ಅಂತ ಪರಿಚಯವಾಗಿ ಬರಲಿ.

‘ದಿ.’ ಅನ್ನುವ ಗುರುತಿನ ಬಗ್ಗೆ ಹುಷಾರು. ಅದು ದಿನಾಂಕವೂ ಹೌದು, ದಿವಂಗತವೂ ಹೌದು. ಒಮ್ಮೆ ನಾನೇ ನೋಡಿಕೊಳ್ಳುತ್ತಿದ್ದ ಕಾರ್ಯಕ್ರಮದಲ್ಲಿ ಒಬ್ಬ ಹಿರಿಯರ ಸ್ಮರಣಾರ್ಥ ಬಹುಮಾನ ಇತ್ತು. ಅವರ ಹೆಸರಿನ ಸಾಲನ್ನು ಕಾಪಿ ಮಾಡಿ, ಕೆಳಗೆ ಅಂಟಿಸಿ, ಮುಖ್ಯ ಅತಿಥಿಯ ಹೆಸರನ್ನು ಅದರ ಮೇಲೆ ಟೈಪ್ ಮಾಡಿದ್ದರು. ‘ದಿ.’ ಹಾಗೇ ಉಳಿಯಿತು. ಪ್ರೂಫ್ ನೋಡಿದ್ದು ನಾನೇ, ಆದರೆ ಫೋನಿನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು. ಅತಿಥಿಗಳು ದೊಡ್ಡವರು. ಮೈಕ್ ಹಿಡಿದು ‘ನಾನು ಇನ್ನೂ ಇದ್ದೀನಿ, ಅಲ್ವಾ?’ ಅಂತ ನಕ್ಕರು. ಸಭೆಯೂ ನಕ್ಕಿತು. ನನಗೆ ಆವತ್ತು ಊಟ ಸೇರಲಿಲ್ಲ. ಆವತ್ತಿನಿಂದ ನಾನು ‘ದಿವಂಗತ’ ಅಂತ ಪೂರ್ತಿಯಾಗಿ ಬರೆಸುತ್ತೇನೆ. ತಾರೀಕಿನ ಮುಂದೆ ‘ದಿ.’ ಹಾಕಿಸುವುದೇ ಇಲ್ಲ.

ಜವಾಬ್ದಾರಿಯ ಪದಗಳನ್ನು ಕೆಲಸದ ಹೆಸರಿನಲ್ಲಿ ಬರೆಯಿರಿ, ಮನುಷ್ಯರ ಹೆಸರಿನಲ್ಲಿ ಅಲ್ಲ. ‘ಉದ್ಘಾಟಕರು’ ಬದಲು ‘ಉದ್ಘಾಟನೆ’, ‘ಅಧ್ಯಕ್ಷರು’ ಬದಲು ‘ಅಧ್ಯಕ್ಷತೆ’. ಆ ದಿನ ಸಭೆಗೆ ಅಧ್ಯಕ್ಷರಾದವರು ಒಬ್ಬರು, ಸಂಘದ ಅಧ್ಯಕ್ಷರು ಇನ್ನೊಬ್ಬರು ಆಗಿರಬಹುದಲ್ಲ? ‘ಅಧ್ಯಕ್ಷರು’ ಅಂತ ಮಾತ್ರ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ಮುಖ ಸಣ್ಣದಾಗುತ್ತದೆ. ‘ರವರು’ ಅನ್ನುವುದನ್ನೂ ಬಿಟ್ಟುಬಿಡಿ. ಬ್ಯಾಕ್‌ಡ್ರಾಪ್‌ಗೆ ಅದು ಬೇಕಿಲ್ಲ. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಮರೆತರೆ ಅದೊಂದು ರಗಳೆ.

ಸಂಘದ ಹೆಸರನ್ನು ನೋಂದಣಿ ಪತ್ರ ನೋಡಿಯೇ ಬರೆಯಿರಿ. ‘ಕ್ಷೇಮಾಭಿವೃದ್ಧಿ’ ಅನ್ನುವ ಪದದಲ್ಲಿ ‘ದ’ಕ್ಕೆ ‘ಧ’ ಒತ್ತು. ಇದು ತಪ್ಪಿದ ಬೋರ್ಡುಗಳು ಊರೆಲ್ಲ ಇವೆ. ಹಾಗೆಯೇ ಶುಭಾಶಯ ಶಾಲೆಯ ‘ಶ’, ಹಾರ್ದಿಕ ಅನ್ನುವುದರಲ್ಲಿ ಬರೀ ‘ದ’, ಉದ್ಘಾಟನೆಯಲ್ಲಿ ‘ದ’ಕ್ಕೆ ‘ಘ’ ಒತ್ತು, ಸಾನ್ನಿಧ್ಯದಲ್ಲಿ ಎರಡು ‘ನ’. ಬ್ಯಾನರ್‌ಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಇಪ್ಪತ್ತೋ ಮೂವತ್ತೋ ಇರಬಹುದು. ಅನುಮಾನ ಬಂದದ್ದನ್ನು ನಿಘಂಟಿನಲ್ಲಿ ಒಮ್ಮೆ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಪ್ರತಿ ವರ್ಷ ಅದೇ ಸಾಕು.

ಇಷ್ಟೆಲ್ಲ ಸರಿ ಬರೆದುಕೊಟ್ಟರೂ ಪ್ರಿಂಟಿನಲ್ಲಿ ಕೆಡುವ ಜಾಗ ಒಂದಿದೆ, ಅದು ಫಾಂಟ್. ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಬಹಳಷ್ಟು ಡಿಸೈನ್ ಅಂಗಡಿಗಳಲ್ಲಿ ಕೆಲಸ ನಡೆಯುವುದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ. ಅಲ್ಲಿ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದು. ಫಾಂಟ್ ತೆಗೆದರೆ ‘ಕನ್ನಡ’ ಅನ್ನುವುದು `PÀ£ÀßqÀ` ಅಂತ ಕಾಣುತ್ತದೆ. ಹಾಗಾಗಿ ನಿಮ್ಮ ಬರಹವನ್ನು ಅವರು ಕನ್ವರ್ಟ್ ಮಾಡಬೇಕು, ಇಲ್ಲವೇ ನೋಡಿಕೊಂಡು ಹೊಸದಾಗಿ ಟೈಪ್ ಮಾಡಬೇಕು. ತಪ್ಪು ನುಸುಳುವುದು ಇಲ್ಲೇ.

ಮುಖ್ಯವಾಗಿ ಕೆಡುವುದು ಅರ್ಕಾವತ್ತು. ‘ಕರ್ನಾಟಕ’ ಬರೆಯುವಾಗ ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ, ಆಮೇಲೆ ‘ನಾ’. ಹಳೆಯ ಫಾಂಟಿನಲ್ಲಿ ‘ನಾ’ ಮೊದಲು, ಅರ್ಕಾವತ್ತಿನ ಚಿಹ್ನೆ ಆಮೇಲೆ. ಹಳೇ ಫೈಲಿನಿಂದ ಯೂನಿಕೋಡ್‌ಗೆ ತರುವಾಗ ಈ ಅದಲು ಬದಲು ಸರಿಯಾಗಿ ಆಗದಿದ್ದರೆ ‘ಕನಾರ್ಟಕ’ ಆಗುತ್ತದೆ. ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಕನಾರ್ಟಕ! ಇನ್ನೊಂದು, ‘ರಾಜ್‌ಕುಮಾರ್’ ಥರದ ಹೆಸರು. ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಅದು ಒತ್ತು ಆಗದಂತೆ ತಡೆಯುತ್ತದೆ. ಕಾಪಿ ಮಾಡುವಾಗ ಅದು ಉದುರಿದರೆ ‘ರಾಜ್ಕುಮಾರ್’ ಆಗುತ್ತದೆ. ಹಾಗಾಗಿ ಪ್ರೂಫ್ ಬಂದ ಕೂಡಲೇ ಮೊದಲು ಅರ್ಕಾವತ್ತು ಇರುವ ಪದಗಳನ್ನೂ, ಹೆಸರಿನ ನಡುವೆ ಅರ್ಧಾಕ್ಷರ ಇರುವ ಕಡೆಗಳನ್ನೂ ನೋಡಿ.

ಪ್ರೂಫ್ ನೋಡಲು ಇಬ್ಬರು ಬೇಕು. ಒಬ್ಬರ ಕೈಯಲ್ಲಿ ನಿಮ್ಮ ಮೂಲ ಪ್ರತಿ, ಇನ್ನೊಬ್ಬರ ಕೈಯಲ್ಲಿ ಪ್ರೂಫ್. ಪ್ರೂಫ್ ಹಿಡಿದವರು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಬೇಕು, ‘ದ ಗೆ ಧ ಒತ್ತು ಇ’ ಅನ್ನುವ ಹಾಗೆ. ಮನೆಯಲ್ಲಿ ಏಳನೇ ಕ್ಲಾಸಿನ ಮಗು ಇದ್ದರೆ ಅದರ ಕೈಗೆ ಕೊಡಿ. ನಿಮಗೆ ಅತಿಥಿಯ ಹೆಸರು ಗೊತ್ತು, ಅದಕ್ಕೇ ತಪ್ಪಿದ್ದರೂ ಸರಿಯಾಗಿ ಓದಿಕೊಳ್ಳುತ್ತೀರಿ. ಮಗುವಿಗೆ ಆ ಹೆಸರು ಗೊತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. ಒಂದು ತಪ್ಪು ತಿದ್ದಿಸಿದ ಮೇಲೆ ಪೂರ್ತಿ ಮತ್ತೆ ಓದಬೇಕು, ಏಕೆಂದರೆ ಒಂದು ಸಾಲು ತಿದ್ದುವಾಗ ಪಕ್ಕದ ಸಾಲು ಕೆಡುವುದು ದಿನನಿತ್ಯದ ಕಥೆ. ಕೊನೆಗೆ ಸುಮ್ನೆ ‘ಓಕೆ’ ಅಂತ ಕಳಿಸಬೇಡಿ. ಫೈಲಿನ ಹೆಸರು ಹೇಳಿ, ‘`backdrop_22nov_v3.pdf` ಇದನ್ನೇ ಪ್ರಿಂಟ್ ಮಾಡಿ’ ಅಂತ ಬರೆಯಿರಿ. ನಾಲ್ಕು ಪ್ರೂಫ್ ಆದ ಮೇಲೆ ಎರಡನೆಯದು ಪ್ರಿಂಟ್ ಆಗಿ ಬಂದ ಉದಾಹರಣೆ ಕಡಿಮೆಯಿಲ್ಲ.

ಈಗ ಎಷ್ಟು ಬರೆಯಬೇಕು ಅನ್ನುವ ಲೆಕ್ಕ. ನಿಮ್ಮ ಬ್ಯಾಕ್‌ಡ್ರಾಪ್ 20 ಅಡಿ ಅಗಲ, 10 ಅಡಿ ಎತ್ತರ ಅಂತ ಹಿಡಿಯೋಣ. ವೇದಿಕೆಯ ನೆಲದಿಂದಲೇ ಕಟ್ಟಿದರೆ ಕೆಳಗಿನ 4 ಅಡಿ ಕುರ್ಚಿ, ತಲೆ, ಟೇಬಲ್ಲುಗಳ ಹಿಂದೆ ಹೋಗುತ್ತದೆ. ಅಲ್ಲಿ ಅಕ್ಷರ ಹಾಕಿದರೆ ದಂಡ. ಉಳಿದದ್ದು 6 ಅಡಿ, ಅಂದರೆ 72 ಇಂಚು. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು ಅನ್ನುವುದು ಬೋರ್ಡ್ ಬರೆಯುವವರ ಸ್ಥೂಲ ಲೆಕ್ಕ. ಕೊನೆಯ ಸಾಲು 80 ಅಡಿ ದೂರ ಇದ್ದರೆ 8 ಇಂಚಿನ ಅಕ್ಷರ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಣಿತ ಇರುವುದರಿಂದ ಒಂದು ಸಾಲು ಸುಮಾರು ಎರಡರಷ್ಟು, ಅಂದರೆ 16 ಇಂಚು ತಿನ್ನುತ್ತದೆ.

ನಿಮ್ಮ ಬ್ಯಾಕ್‌ಡ್ರಾಪ್‌ಗೆ ಹಾಕಿ ನೋಡಿ. ಮೇಲೆ ಸಂಘದ ಹೆಸರು 8 ಇಂಚಿನ ಅಕ್ಷರದಲ್ಲಿ, 16 ಇಂಚು ಹೋಯಿತು. ಅದರ ಕೆಳಗೆ ‘71ನೇ ಕನ್ನಡ ರಾಜ್ಯೋತ್ಸವ’ 12 ಇಂಚಿನಲ್ಲಿ, 24 ಹೋಯಿತು. ಆಮೇಲೆ ತಾರೀಕು, ವಾರದ ಸಾಲು 16. ಒಟ್ಟು 56. ಉಳಿದದ್ದು ಬರೀ 16 ಇಂಚು. ಅದರಲ್ಲಿ 4 ಇಂಚಿನ ಅಕ್ಷರದ ಎರಡು ಸಾಲು ಹಿಡಿಯುತ್ತದೆ. ಸಾಲಿಗೆ ಇಬ್ಬರಂತೆ ನಾಲ್ಕು ಹೆಸರು: ಉದ್ಘಾಟನೆ, ಅಧ್ಯಕ್ಷತೆ, ಇಬ್ಬರು ಮುಖ್ಯ ಅತಿಥಿಗಳು. ಇವು 40 ಅಡಿಯವರೆಗೆ ಓದಲು ಸಿಗುತ್ತವೆ, ಫೋಟೋದಲ್ಲೂ ಕಾಣುತ್ತವೆ. ಹುದ್ದೆ, ಪುರಸ್ಕಾರ, ವಿಶೇಷ ಆಹ್ವಾನಿತರು, ಪದಾಧಿಕಾರಿಗಳು ಎಲ್ಲಾ ಆಹ್ವಾನ ಪತ್ರಿಕೆಗೆ ಹೋಗಲಿ. ‘ನನ್ನ ಹೆಸರಿಲ್ಲ’ ಅಂತ ಕಮಿಟಿಯಲ್ಲಿ ಮುನಿಸು ಬರುತ್ತದೆ. ಆಗ ಈ 72 ಇಂಚಿನ ಲೆಕ್ಕವನ್ನೇ ಅವರ ಮುಂದೆ ಇಡಿ.

ಕೊನೇ ಗಳಿಗೆಯಲ್ಲಿ ಅತಿಥಿ ಬದಲಾಗುವ ಅನುಮಾನ ಇದ್ದರೆ ಆ ಎರಡು ಸಾಲುಗಳನ್ನು ಬೇರೆ ಪಟ್ಟಿಯಾಗಿ ಪ್ರಿಂಟ್ ಮಾಡಿಸಿ. 20 ಅಡಿ ಉದ್ದ, ಒಂದೂವರೆ ಅಡಿ ಅಗಲ, ಹಿನ್ನೆಲೆ ಬಣ್ಣ ಅದೇ. ಬದಲಾದರೆ ಪಟ್ಟಿ ಮಾತ್ರ ಹೊಸದು. ಪ್ರಿಂಟ್ ಆದ ಮೇಲೆ ತಪ್ಪು ಕಂಡರೆ ಪ್ಯಾಚ್ ಹಾಕಿಸಬಹುದು, ಆದರೆ ಒಂದೇ ಅಕ್ಷರಕ್ಕೆ ಅಂಟಿಸಬೇಡಿ. ಚೌಕಾಕಾರದ ತೇಪೆ ದೂರಕ್ಕೂ ಕಾಣುತ್ತದೆ. ಇಡೀ ಸಾಲನ್ನೇ ಅದೇ ಮಷೀನಿನಲ್ಲಿ ಪ್ರಿಂಟ್ ಮಾಡಿಸಿ ಅಂಟಿಸಿದರೆ ಬಣ್ಣ ಹೆಚ್ಚುಕಡಿಮೆ ಕೂಡುತ್ತದೆ.

ಅಂದಹಾಗೆ, ನಾವು ಬಾಯಿಮಾತಿಗೆ ಫ್ಲೆಕ್ಸ್ ಅನ್ನುತ್ತೇವೆ. ಆದರೆ ಪ್ಲಾಸ್ಟಿಕ್ ಫ್ಲೆಕ್ಸ್ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ. ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ. ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡುವುದರಿಂದ ಸಣ್ಣ ಒತ್ತುಗಳ ಒಳಗಿನ ಸಂದು ಮುಚ್ಚಿಹೋಗಬಹುದು. ‘ತ್ಸ’, ‘ದ್ಧಿ’, ‘ದ್ಘಾ’ ಇರುವ ಪದಗಳಿಗೆ ತೀರಾ ದಪ್ಪ ಫಾಂಟ್ ಬೇಡ ಅಂತ ಡಿಸೈನರ್‌ಗೆ ಮೊದಲೇ ಹೇಳಿ. ಬೀದಿಯಲ್ಲಿ ಕಟ್ಟುವ ಬ್ಯಾನರ್ ಇದ್ದರೆ ಅದಕ್ಕೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಅನುಮತಿ ಅರ್ಜಿಯಲ್ಲಿ ಬರೆದ ತಾರೀಕೂ ಬ್ಯಾನರ್ ಮೇಲಿನ ತಾರೀಕೂ ಒಂದೇ ಇದೆಯಾ ಅಂತ ಅದನ್ನು ಕೊಡುವ ದಿನವೇ ನೋಡಿಕೊಳ್ಳಿ.